ಬ್ಯಾಟರಿಗೆ ತಿಂಗಳಿಗೆ ಎಷ್ಟು?

ಬೆಂಗಳೂರಿನಲ್ಲಿರುವ ಅಕ್ಕನ ಮಗ ಮೊನ್ನೆ ನನಗೊಂದು ಎಕ್ಸೆಲ್ ಶೀಟು ಕಳಿಸಿದ. ನಮ್ಮ ಮನೆಯಲ್ಲಿ ಏನೇನು ಉಂಟೋ ಅದೆಲ್ಲ ಅದರಲ್ಲಿತ್ತು. ಫ್ರಿಜ್ಜು, ಪಂಪು, ಮಿಕ್ಸಿ, ಸ್ಕೂಟರು, ಹುಲ್ಲು ಕತ್ತರಿಸುವ ಮೆಷಿನ್ನು. ಒಂದೊಂದರ ಎದುರಿಗೂ ಅದು ಯಾವ ವರ್ಷ ಸಾಯುತ್ತದೆ, ಆಗ ಹೊಸದಕ್ಕೆ ಎಷ್ಟಾಗುತ್ತದೆ, ಅದಕ್ಕಾಗಿ ಈಗಿನಿಂದಲೇ ತಿಂಗಳಿಗೆ ಎಷ್ಟು ತೆಗೆದಿಡಬೇಕು ಎಂಬ ಲೆಕ್ಕ. ಕೊನೆಗೆ ಕೆಂಪು ಅಕ್ಷರದಲ್ಲಿ ಒಟ್ಟು ಮೊತ್ತ. ಅಷ್ಟು ತೆಗೆದಿಟ್ಟರೆ ಮೆಷಿನ್ನುಗಳಿಗೆಲ್ಲ ಪುನರ್ಜನ್ಮ ಗ್ಯಾರಂಟಿ, ನಮಗೆ ಮಾತ್ರ ಗಂಜಿ ಮತ್ತು ಉಪ್ಪಿನಕಾಯಿ.

"ಮಾವ, ಪ್ಲಾನಿಂಗ್ ಇಲ್ಲದಿದ್ದರೆ ಹೇಗೆ?" ಎಂದ ಫೋನಿನಲ್ಲಿ. ಅಡಿಕೆ ಬೆಳೆಯುವವನ ಹತ್ತಿರ ಪ್ಲಾನಿಂಗ್ ಮಾತಾಡುವ ಧೈರ್ಯ ಬೆಂಗಳೂರಿನವರಿಗೆ ಮಾತ್ರ ಬರುವುದು.

ಆದರೂ ಅವನ ಪಟ್ಟಿಯಲ್ಲಿ ಒಂದು ಸಾಲು ನನಗೆ ಹಿಡಿಸಿತು. ಇನ್ವರ್ಟರ್ ಬ್ಯಾಟರಿ. ಕಾಸರಗೋಡಿನ ಈ ಒಳಭಾಗದಲ್ಲಿ ಗುಡುಗು ಕೇಳಿದರೆ ಸಾಕು, ಕರೆಂಟು ಹೋಗುತ್ತದೆ. ಬ್ಯಾಟರಿ ಸತ್ತ ದಿನವೇ ಹೊಸದು ಬೇಕು, ಆಮೇಲೆ ನೋಡೋಣ ಎನ್ನುವ ಹಾಗಿಲ್ಲ. ಅದು ಸಾಯುವುದೂ ಖಂಡಿತ. ಹಾಗಾಗಿ ಬೇರೆ ಎಲ್ಲ ಬಿಟ್ಟು ಇದೊಂದಕ್ಕೆ ಲೆಕ್ಕ ಮಾಡಿದೆ. ಇವತ್ತಿನ ಬೆಲೆ 15,000 ಎಂದು ಹಿಡಿಯಿರಿ. ವರ್ಷಕ್ಕೆ ಶೇಕಡಾ 5 ಏರಿದರೆ ಐದು ವರ್ಷದಲ್ಲಿ ಸುಮಾರು 19,150. ಹಳೆಯದನ್ನು ಕೊಟ್ಟರೆ ಒಳಗಿನ ಸೀಸಕ್ಕೆಂದು ಅಂಗಡಿಯವರು 3,000 ಕಳೆಯುತ್ತಾರೆ ಎಂದುಕೊಳ್ಳೋಣ. ಉಳಿದದ್ದು ಸುಮಾರು 16,150. ಅಂಚೆ ಕಚೇರಿಯ ಆರ್.ಡಿ. ಹೇಳಿ ಮಾಡಿಸಿದ ಹಾಗೆ ಐದು ವರ್ಷದ್ದೇ, ಅದರ ಬಡ್ಡಿ 2023ರ ಅಕ್ಟೋಬರಿನಲ್ಲಿ ಶೇಕಡಾ 6.7ಕ್ಕೆ ಏರಿತು. ಹುಡುಗ ಹಾಕಿದ್ದ ಸೂತ್ರ ಇದು:

```
=PMT(0.067/12, 60, 0, -16150)
```

ಉತ್ತರ 227 ರೂಪಾಯಿ ಚಿಲ್ಲರೆ. ಅಂಚೆಯಲ್ಲಿ ಹತ್ತರ ಲೆಕ್ಕದಲ್ಲೇ ಕಟ್ಟಬೇಕು, ಆದ್ದರಿಂದ 230. ಇಷ್ಟೇನಾ ಅನ್ನಿಸಿತು. ಇಲ್ಲಿಗೆ ನಿಲ್ಲಿಸಿದ್ದರೆ ನಾನು ಅವನಿಗೆ ಫೋನ್ ಮಾಡಿ ಶಹಬ್ಬಾಸ್ ಅಂತಲೂ ಹೇಳುತ್ತಿದ್ದೆನೋ ಏನೋ.

ಆದರೆ ಸೂತ್ರದಲ್ಲಿ ಆ 60 ತಿಂಗಳು ಇದೆಯಲ್ಲ, ಅದನ್ನು ನೋಡಿದಾಗೆಲ್ಲ ನನಗೆ ಬಾಯಾರಿನ ದೊಡ್ಡಪ್ಪನ ನೆನಪಾಗುತ್ತದೆ.

ದೊಡ್ಡಪ್ಪನ ಮನೆಗೆ ನೀರು ಸುರಂಗದ್ದು. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದುಕೊಂಡು ಹೋಗಿ ನೀರು ಹಿಡಿಯುವ ಕೆಲಸ ನಮ್ಮ ಕಡೆಯವರಿಗೆ ಹೊಸತಲ್ಲ. ಒಬ್ಬ ಬಗ್ಗಿ ಹೋಗುವಷ್ಟೇ ಅಗಲ, ಒಳಗೆ ಕತ್ತಲು, ಹೊರಗೆ ವರ್ಷವಿಡೀ ಸಣ್ಣಗೆ ಹರಿಯುವ ನೀರು. ದೊಡ್ಡಪ್ಪನ ಅಜ್ಜ ತೋಡಿಸಿದ್ದಂತೆ. ಹಿಂದೆ ಅಡಿಕೆ ಮರದ ದಂಬೆಯಲ್ಲಿ ನೀರು ಅಂಗಳಕ್ಕೆ ಬರುತ್ತಿತ್ತು, ಈಗ ಪೈಪು. ಪಂಪು ಬೇಡ, ಕರೆಂಟು ಬೇಡ, ತಿಂಗಳಿಗೆ ಎಷ್ಟು ತೆಗೆದಿಡಬೇಕು ಎಂಬ ಪ್ರಶ್ನೆಯೂ ಇಲ್ಲ. ಆ ನೀರಿನ ಬಗ್ಗೆ ದೊಡ್ಡಪ್ಪನಿಗಿದ್ದ ಅಭಿಮಾನ ಸ್ವಂತ ಮಕ್ಕಳ ಬಗ್ಗೆ ಇರಲಿಲ್ಲ. ಜ್ವರ ಬಂದವರಿಗೂ ಅದೇ, ಅಳಿಯಂದಿರು ಬಂದರೂ ಮೊದಲು ಅದೇ. ಪೇಟೆಯ ನೆಂಟರು ಬಾಟಲಿ ನೀರು ತಂದರೆ ಅವರ ಎದುರೇ ಅದನ್ನು ತುಳಸಿಗೆ ಹೊಯ್ಯುತ್ತಿದ್ದರು.

ಇನ್ವರ್ಟರ್ ಬಂದಾಗ ಕೂಡಿಸಿದ ಹುಡುಗ ಹೇಳಿದ್ದ, ತೇಲುವ ಕಡ್ಡಿ ಕೆಂಪು ಗುರುತಿಗೆ ಇಳಿದರೆ ಡಿಸ್ಟಿಲ್ಡ್ ವಾಟರ್ ಹಾಕಿ ಅಂತ. ದೊಡ್ಡಪ್ಪ ಕ್ಯಾನಿನ ಬೆಲೆ ಕೇಳಿದರು, ನಕ್ಕರು, ಚೊಂಬು ತಂದರು. "ಇದಕ್ಕಿಂತ ಶುದ್ಧ ನೀರು ಲೋಕದಲ್ಲಿ ಉಂಟೋ?" ದೊಡ್ಡಮ್ಮ ಅಡಿಗೆಮನೆಯಿಂದ ಬೇಡ ಬೇಡ ಎಂದದ್ದು ಕೇಳಿಸಿತು, ಆದರೆ ಆ ಮನೆಯಲ್ಲಿ ಅಡಿಗೆಮನೆಯಿಂದ ಬಂದ ಮಾತು ನಡುಮನೆ ದಾಟಿದ ದಾಖಲೆ ಇಲ್ಲ. ಆರು ಮುಚ್ಚಳ ತೆಗೆದು ಆರಕ್ಕೂ, ಎಳ್ಳುನೀರು ಬಿಟ್ಟ ಹಾಗೆ, ಶ್ರದ್ಧೆಯಿಂದ ಹೊಯ್ದರು.

ಮೂರನೇ ಮಳೆಗಾಲಕ್ಕೆ ಫ್ಯಾನು ಅರ್ಧ ಗಂಟೆಯೂ ತಿರುಗಲಿಲ್ಲ. ಮೆಕ್ಯಾನಿಕ್ ಬಂದ. ಗಾಜಿನ ನಳಿಗೆಯ ಹೈಡ್ರೋಮೀಟರು ಹಾಕಿ ಒಂದೊಂದು ಸೆಲ್ಲಿನ ಆ್ಯಸಿಡ್ ಎಳೆದು ನೋಡಿದ. ಪೂರ್ತಿ ಚಾರ್ಜಾದ ಬ್ಯಾಟರಿಯಲ್ಲಿ ಆರೂ 1240ರ ಆಸುಪಾಸಿನಲ್ಲಿ ಇರಬೇಕು. ಇಲ್ಲಿ ಎರಡು 1100ರ ಹತ್ತಿರ ಕೂತಿದ್ದವು. "ಯಾವ ನೀರು ಹಾಕಿದ್ದು ಅಣ್ಣಾ?" ಎಂದ. ದೊಡ್ಡಪ್ಪ ಮೀಸೆ ನೀವಿಕೊಂಡು ಸುರಂಗದ ಕಥೆ ಅಜ್ಜನಿಂದ ಶುರು ಮಾಡಿದರು. ಅವನು ಪಾಪ, ಪೂರ್ತಿ ಕೇಳಿ, ಮುರಕಲ್ಲಿನಲ್ಲಿ ಕಬ್ಬಿಣದ ಅಂಶ ಇರುತ್ತದೆ, ಕುಡಿಯಲಿಕ್ಕೆ ತೊಂದರೆ ಇಲ್ಲ, ಬ್ಯಾಟರಿಗೆ ವಿಷ, ಕಬ್ಬಿಣ ಸೇರಿದರೆ ಸುಮ್ನೆ ಇಟ್ಟರೂ ಚಾರ್ಜು ತನ್ನಷ್ಟಕ್ಕೆ ಇಳಿಯುತ್ತದೆ ಎಂದು ವಿವರಿಸಿದ. ದೊಡ್ಡಪ್ಪ ಅವನಿಗೆ ಕಾಫಿ ಕೊಡಿಸಿದರು, ನಂಬಲಿಲ್ಲ. ಸಾಯುವವರೆಗೂ ಅವರ ಪ್ರಕಾರ ತಪ್ಪು ಬ್ಯಾಟರಿಯದ್ದೇ.

ವಾರಂಟಿ ಕಾರ್ಡು ಹುಡುಕಿದ್ದು ಬೇರೆ ರಾಮಾಯಣ. ಪುಕ್ಕಟೆ ಬದಲಿಸುವ ಅವಧಿ ಮುಗಿದಿತ್ತು. ಆಮೇಲಿನದ್ದು ಪ್ರೊ-ರೇಟಾ, ಅಂದರೆ ಹೊಸದರ ಮೇಲೆ ಇಷ್ಟು ಪರ್ಸೆಂಟ್ ರಿಯಾಯಿತಿ. ಆ ರಿಯಾಯಿತಿ ಸಾಮಾನ್ಯವಾಗಿ ಕೊಡುವುದು ಡಬ್ಬದ ಮೇಲಿನ ಎಂಆರ್‌ಪಿ ಮೇಲೆ. ಅಂಗಡಿಯಲ್ಲಿ ಎಲ್ಲರೂ ಕೊಳ್ಳುವ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ. ಎರಡನ್ನೂ ತಾಳೆ ಹಾಕಿದರೆ ಉಳಿಯುವುದು ಬಸ್ ಚಾರ್ಜು. ಹೀಗಾಗಿ ಡಬ್ಬದ ಮೇಲೆ ಬರೆದ ತಿಂಗಳನ್ನೆಲ್ಲ ಕೂಡಿಸಿ ಆಯುಷ್ಯ ಎಂದು ಶೀಟಿಗೆ ತುಂಬುವವರನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಅಕ್ಕನ ಮಗ ತುಂಬಿದ್ದು ಅದನ್ನೇ.

ಸರಿ, ನೀರು ಸರಿಯಾಗಿಯೇ ಹಾಕಿದರೂ ಬ್ಯಾಟರಿ ನಾಲ್ಕನೇ ವರ್ಷಕ್ಕೆ ಹೋಯಿತು ಎನ್ನಿ. ಅಂಚೆಯ ಆರ್.ಡಿ.ಯನ್ನು ಮೂರು ವರ್ಷ ಕಳೆದ ಮೇಲೆ ಮುರಿಯಬಹುದು, ಆದರೆ ಅವಧಿಗೆ ಒಂದು ದಿನ ಮೊದಲು ಮುರಿದರೂ ಸಿಗುವುದು ಉಳಿತಾಯ ಖಾತೆಯ ಬಡ್ಡಿ, ಶೇಕಡಾ 4. 230ರಂತೆ ನಾಲ್ಕು ವರ್ಷ ಕಟ್ಟಿದ್ದು ಹೆಚ್ಚು ಕಡಿಮೆ 12,000 ಆಗುತ್ತದೆ. ಬ್ಯಾಟರಿಗೆ ಆಗ ಬೇಕಾದದ್ದು 15,200. ಸೂತ್ರ ಸರಿ, ಬಡ್ಡಿ ಸರಿ, ಬೆಲೆ ಏರಿಕೆಯೂ ಸರಿ, 3,200 ರೂಪಾಯಿ ಮಾತ್ರ ಇಲ್ಲ.

ಆದ್ದರಿಂದ ನಾನು ಆಯುಷ್ಯ ನಾಲ್ಕೇ ವರ್ಷ, ಬಡ್ಡಿ 4 ಎಂದು ಹಿಡಿದು ಮತ್ತೆ ಕೂಡಿಸಿದೆ. 300 ಬಂತು. ಎಪ್ಪತ್ತು ರೂಪಾಯಿ ಜಾಸ್ತಿ, ಒಂದು ದಿನದ ಚಾ ಮತ್ತು ಗೋಳಿಬಜೆ. ಬ್ಯಾಟರಿ ಐದನೇ ವರ್ಷವೂ ಎಳೆದರೆ ಹಣ ಮಿಗುತ್ತದೆ, ಮಿಕ್ಸಿಗಾಗಲಿ. ಬೆಲೆಯೂ ಯಾವಾಗಲೂ ಏರುತ್ತದೆ ಅಂತಿಲ್ಲ. 2025ರ ಸೆಪ್ಟೆಂಬರಿನಲ್ಲಿ ಈ ಬ್ಯಾಟರಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಅದನ್ನು ಯಾವ ಶೀಟೂ ಮುಂಚೆ ಹೇಳಿರಲಿಲ್ಲ. ವರ್ಷಕ್ಕೊಮ್ಮೆ ಅಂಗಡಿಗೆ ಫೋನ್ ಮಾಡಿ ಇವತ್ತಿನ ಬೆಲೆ ಕೇಳಿ ಲೆಕ್ಕ ತಿದ್ದುವುದೇ ವಾಸಿ.

ಇನ್ನು ಮನೆಯೊಳಗಿನ ಅಪಾಯ. ಬ್ಯಾಟರಿಗೆಂದು ಇಟ್ಟ ಹಣ ಬ್ಯಾಟರಿಗೇ ಹೋಗುತ್ತದೆ ಎಂಬ ಭರವಸೆ ಏನು? ಜೂನಿನಲ್ಲಿ ಬೋರ್ಡೋ ಮದ್ದು ಬಿಡುವವರು ಬರುತ್ತಾರೆ. ಮೈಲುತುತ್ತಿಗೆ, ಸುಣ್ಣಕ್ಕೆ, ಮರ ಹತ್ತುವವರ ಕೂಲಿಗೆ ಎಲ್ಲ ಒಟ್ಟಿಗೆ ಹಣ ಬೇಕು. ಆಗ ಕೈಗೆ ಸಿಗುವ ಯಾವ ನಿಧಿಯೂ ನಿಧಿಯಾಗಿ ಉಳಿಯುವುದಿಲ್ಲ. ಇದನ್ನು ಹೆಂಡತಿಗೆ ಹೇಳಿದೆ. ಅವಳು ಜಾಸ್ತಿ ಯೋಚಿಸಲಿಲ್ಲ, ಆರ್.ಡಿ. ತನ್ನ ಹೆಸರಲ್ಲೇ ಇರಲಿ ಎಂದಳು. ಪಾಸ್‌ಬುಕ್ಕು ಎಲ್ಲಿಟ್ಟಿದ್ದಾಳೆ ಎಂದು ಕೇಳಿದೆ. ಉತ್ತರ ಬಂದಿಲ್ಲ.