‘ತ್ಯು’ ಎಂದರೆ ಯಾವಾಗಲೂ ‘ನೀನು’ ಅಲ್ಲ

“ಫ್ರೆಂಚ್ ಕಾದಂಬರಿಯನ್ನು ಕನ್ನಡಕ್ಕೆ ತರುವಾಗ ‘ತ್ಯು’ಗೆ ‘ನೀನು’, ‘ವೂ’ಗೆ ‘ನೀವು’ ಹಾಕಿದರೆ ಮುಗಿಯಿತಲ್ಲ?” ಎಂದು ಕೇಳುವವರಿದ್ದಾರೆ.

ಮಗಳು ಅಪ್ಪನೊಡನೆ ಮಾತಾಡುವ ದೃಶ್ಯ ಬಂದರೆ ಸಾಕು, ಈ ಸೂತ್ರ ಕೈಕೊಡುತ್ತದೆ. ಇಂದಿನ ಹೆಚ್ಚಿನ ಫ್ರೆಂಚ್ ಮನೆಗಳಲ್ಲಿ ಮಕ್ಕಳು ಅಪ್ಪ ಅಮ್ಮ ಇಬ್ಬರಿಗೂ ‘ತ್ಯು’ ಅನ್ನುತ್ತಾರೆ (ಕೆಲವು ಹಳೆಯ ಸಿರಿವಂತ ಮನೆತನಗಳು ಮಾತ್ರ ಇನ್ನೂ ‘ವೂ’ ಬಿಟ್ಟಿಲ್ಲ). ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಮ್ಮನಿಗೆ ‘ನೀನು’, ಅಪ್ಪನಿಗೆ ‘ನೀವು’. ಹಾಗಾಗಿ ‘ಅಪ್ಪಾ, ಬರ್ತೀಯಾ?’ ಎಂದರೆ ಕೆಲವು ಓದುಗರಿಗೆ ಹುಡುಗಿ ಒರಟಾಗಿ ಕಾಣುತ್ತಾಳೆ. ‘ಬರ್ತೀರಾ?’ ಎಂದರೆ ಮೂಲದಲ್ಲಿಲ್ಲದ ದೂರ ಬರುತ್ತದೆ. ನಾನಾದರೆ ‘ಬರ್ತೀಯಾ’ನೇ ಇಡುತ್ತೇನೆ.

ಗಂಡ ಹೆಂಡತಿ ವಿಷಯದಲ್ಲಂತೂ ರಾಜಿಯೇ ಇಲ್ಲ. ಇಬ್ಬರೂ ‘ತ್ಯು’ ಅನ್ನುವಾಗ ಹೆಂಡತಿಯ ಬಾಯಲ್ಲಿ ಮಾತ್ರ ‘ರೀ, ನೀವು’ ಹಾಕಿದರೆ ಸಮಾನರ ಜಗಳ ಬೇರೆಯೇ ಜಗಳವಾಗುತ್ತದೆ.

ಇನ್ನೊಂದು ಪೇಚು ಪ್ರಥಮ ಪುರುಷದ್ದು. ಸಹೋದ್ಯೋಗಿಗಳಿಬ್ಬರು ಐದನೇ ಅಧ್ಯಾಯದಲ್ಲಿ ‘ವೂ’ ಬಿಟ್ಟು ‘ತ್ಯು’ಗೆ ಬಂದರು ಅನ್ನಿ. ಆಮೇಲೆ ಅವನು ಬೇರೆಯವರ ಹತ್ತಿರ ಆಕೆಯ ಸುದ್ದಿ ಎತ್ತಿದಾಗ ಫ್ರೆಂಚಿನಲ್ಲಿ ಹೆಣ್ಣಿಗೆ ಬಳಸುವ ಮೊದಲಿನ ‘ಎಲ್’ ಪದವೇ ಇರುತ್ತದೆ. ಕನ್ನಡದಲ್ಲಿ ‘ಅವರು ಬಂದರು’ ಎಂಬುದು ‘ಅವಳು ಬಂದಳು’ ಆಗಬೇಕು. ಆ ತಿರುವಿನ ಪುಟವನ್ನು ಮೊದಲೇ ಗುರುತು ಹಾಕಿಕೊಳ್ಳದೆ ಹೋದರೆ ಹಿಂದಿನ ‘ಅವರು’ ಮುಂದೆಯೂ ನುಸುಳುತ್ತದೆ.