2000ರಲ್ಲಿ ಅಲ್ರೀ, 2000ದಲ್ಲಿ

ವಿಜಯಪುರದಾಗ ಡಿಟಿಪಿ ಅಂಗಡಿ ಇಟ್ಕೊಂಡೋರಿಗೆ ಆಗಸ್ಟ್ ಬಂತಂದ್ರ ಪತ್ತಿನ ಸಂಘಗಳ ವಾರ್ಷಿಕ ವರದಿ ಸೀಜನ್. ಲೆಕ್ಕದ ಪಟ್ಟಿ ಎಲ್ಲಾ ಸರಿ ಇರ್ತದ, ಆಡಿಟರ್ ನೋಡಿರ್ತಾರ. ಆದ್ರ ಆ ಲೆಕ್ಕದ ಮ್ಯಾಲಿನ ಎರಡು ಪುಟದ ಬರವಣಿಗಿ ಐತಲ್ಲ, ಅಧ್ಯಕ್ಷರ ನುಡಿ, ಅಲ್ಲಿ ಅಂಕಿ ಬಂದ ಕೂಡ್ಲೇ ಕನ್ನಡ ಎಡವ್ತದ. ಈ ಸಲ ಬೆಳ್ಳಿ ಹಬ್ಬದ ವರದಿಯೊಂದರಾಗ ಇದ್ದ ವಾಕ್ಯದ ಧಾಟಿ ಹಿಂಗಿತ್ತು ನೋಡ್ರಿ:

"ದಿನಾಂಕ 15-08-2000 ರಲ್ಲಿ ಸ್ಥಾಪನೆಯಾದ ನಮ್ಮ ಸಂಘವು 11 ಸದಸ್ಯರುಗಳಿಂದ ರೂ.50,000/-ರ ಷೇರು ಬಂಡವಾಳದೊಂದಿಗೆ ಪ್ರಾರಂಭಗೊಂಡು 2000ರಿಂದ ಇಲ್ಲಿಯವರೆಗೆ 25 ನೇ ವರ್ಷ ಪೂರೈಸಿದೆ."

ಅರ್ಥ ಆಗ್ತದ, ಇಲ್ಲ ಅನ್ನಂಗಿಲ್ಲ. ಆದ್ರ ಇದನ್ನ ಸಭಾದಾಗ ಗಟ್ಟಿಯಾಗಿ ಓದ್ರಿ ನೋಡೋಣ. "ಎರಡು ಸಾವಿರರಿಂದ", "ಐವತ್ತು ಸಾವಿರರ" ಅಂತ ಯಾರ ಬಾಯಾಗರೆ ಬರ್ತದೇನು? ನಮ್ಮ ಸಂತ್ಯಾಗ ಕಾಯಿಪಲ್ಯ ಮಾರೋ ಅವ್ವ ಸುದ್ದಾ "ಸಾವಿರದಾಗ ನೂರು ಮುರ್ಕೊಂಡು ಕೊಡ್ರಿ" ಅಂತಾಳ, ಸಾವಿರರಾಗ ಅನ್ನಂಗಿಲ್ಲ. ಬಾಯಿ ತಪ್ಪಂಗಿಲ್ಲ, ಕೀಬೋರ್ಡ್ ತಪ್ತದ, ಯಾಕಂದ್ರ ಅಂಕಿ ಕಂಡ ಕೂಡ್ಲೇ ಹಿಂದ ಒಂದು "ರ" ಹಚ್ಚಿಬಿಡೂದು ರೂಢಿ ಆಗೇತಿ.

ವಿಷಯ ಇಷ್ಟ: ವಿಭಕ್ತಿ ಪ್ರತ್ಯಯ ಹತ್ತೂದು ಅಂಕಿಗೆ ಅಲ್ಲ, ಅದನ್ನ ಓದಿದಾಗ ಕಡೀಕ ಬರೋ ಶಬ್ದಕ್ಕ. ಒಂದು, ಎರಡು, ಹತ್ತು, ನೂರು ಇವೆಲ್ಲ ಉಕಾರದಾಗ ಮುಗೀತಾವ, ಅದು ಅನ್ನೋದು ಅದರ ಆದಂಗ ಒಂದರ, ಎರಡರ, ಹತ್ತರಲ್ಲಿ, ನೂರರಿಂದ ಅಂತ ಆಗ್ತಾವ. (ಊರು ಊರಿನ ಆಗ್ತದ, ನೂರು ಮಾತ್ರ ನೂರಿನ ಆಗಂಗಿಲ್ಲ, ನೂರರ. ಪ್ರಾಸ ಒಂದ ಇದ್ರೂ ದಾರಿ ಬ್ಯಾರೆ.) ಸಾವಿರ, ಲಕ್ಷ ಅಕಾರದಾಗ ಮುಗೀತಾವ, ಅವು ಮರದ, ಮರದಲ್ಲಿ ಅಂದಂಗ ಸಾವಿರದ, ಲಕ್ಷದಲ್ಲಿ. ಕೋಟಿ ಇಕಾರ, ಹಂಗಾಗಿ ಕೋಟಿಯ, ಕೋಟಿಗೆ. ಅದಕ್ಕ 1956ರಲ್ಲಿ ಸರಿ, ಕಡೀ ಶಬ್ದ ಐವತ್ತಾರು. 1500ರ ಸರಿ, ಐನೂರರ. 1900ರಲ್ಲಿ ಅನ್ನೂದೂ ಸರಿ, ಒಂಬೈನೂರರಲ್ಲಿ. 2000 ಬಂದಾಗ ಮಾತ್ರ ದ ಬೇಕು. ಡಾ. ರಾಜ್‌ಕುಮಾರ್ ಅವರ ಅಪಹರಣ ಆಗಿದ್ದು 2000ದ ಜುಲೈ 30ರಂದು, ಅವರು ಬಿಡುಗಡೆ ಆಗಿದ್ದು ಅದ ವರ್ಷದ ನವೆಂಬರ್‌ದಾಗ. ಗುರ್ತು ಇಟ್ಕೊಳ್ಳಾಕ ಹೇಳ್ತೀನಿ, ಕಡೀಕ ಮೂರರಿಂದ ಆರು ಸೊನ್ನಿ ಇದ್ರ ದ, ಎರಡು ಇದ್ರ ರ. ಏಳು ಸೊನ್ನಿ ಬಂದ್ರ ಕೋಟಿ, ಅದರ ಕತಿ ಬ್ಯಾರೆ.

ಈ ತಪ್ಪು ಇಷ್ಟು ದಿನ ಯಾರ ಕಣ್ಣಿಗೂ ಬೀಳಲಾರದ್ದಕ್ಕ ಒಂದು ಕಾರಣ ಐತಿ. "ಕ್ಕೆ" ಬಂದಾಗ ಎರಡೂ ಒಂದ ಆಗ್ತಾವ, ಐದಕ್ಕೆ, ಸಾವಿರಕ್ಕೆ, 5ಕ್ಕೆ, 1000ಕ್ಕೆ. ಅಲ್ಲಿ ವ್ಯತ್ಯಾಸ ಕಾಣ್ಸಂಗೇ ಇಲ್ಲ. ತೃತೀಯಾ, ಷಷ್ಠಿ, ಸಪ್ತಮಿ ಬಂದಾಗ ಅಷ್ಟ ಬಣ್ಣ ಬಯಲಾಗ್ತದ. "ಪೇಪರ್‌ನಾಗ 2000ರಲ್ಲಿ ಅಂತ ಬರ್ತದಲ್ರೀ" ಅಂತ ನನ್ನ ಹಂತೇಕ ಬರೋ ಸೆಕ್ರೆಟರಿ ಸಾಹೇಬ್ರು ವಾದಾ ಮಾಡ್ತಾರ. ಬರ್ತದ, ನಾನೂ ನೋಡೀನಿ. 2000ದಲ್ಲಿ ಅಂತ ಅಚ್ಚಾದ್ದು ಕಣ್ಣಿಗೆ ವಿಚಿತ್ರ ಕಂಡ್ರ 2000ನೇ ಇಸವಿಯಲ್ಲಿ ಅಂತ ಬರೀರಿ, ತಂಟೆ ಮುಗೀತು.

ಇನ್ನ ದಿನಾಂಕ. ರಲ್ಲಿ ಅನ್ನೋದು ವರ್ಷಕ್ಕ, ದಿನಕ್ಕ ರಂದು. "15-08-2000 ರಲ್ಲಿ" ಅಂದ್ರ ಒಂದು ದಿನದ ಒಳಗ ಹೋಗಿ ಕುಂತಂಗ ಆತು. ಆ ಗೆರಿ ಹಾಕಿದ ದಿನಾಂಕ ಫಾರ್ಮಿಗೆ, ರಸೀದಿಗೆ ಚಂದ, ಓಡೋ ಗದ್ಯಕ್ಕ ಅಲ್ಲ. ಕನ್ನಡದಾಗ ದೊಡ್ಡದರಿಂದ ಸಣ್ಣದಕ್ಕ ಬರೂದು ಸಲೀಸು: 2012ರ ಅಕ್ಟೋಬರ್ 11ರಂದು ಬೆಳಗಾವಿಯ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ಅಲ್ಲಿ ವರ್ಷಕ್ಕೊಂದು ರ, ದಿನಕ್ಕೊಂದು ರಂದು, ತಿಂಗಳಿಗೆ ಏನೂ ಇಲ್ಲ. ದಶಕದ ಮಾತು ಬಂದಾಗ ಕೆಲವ್ರು "1990ಗಳಲ್ಲಿ" ಅಂತ ಇಂಗ್ಲಿಷಿನ ಬಹುವಚನ ತಂದು ಹಚ್ತಾರ, ನಮ್ಮಲ್ಲಿ ತೊಂಬತ್ತರ ದಶಕ ಅಂತ ಎಷ್ಟು ಚಂದ ಮಾತದ.

ಬಹುವಚನ ಅಂದ್ರ ನೆನಪಾತು, "ಸದಸ್ಯರುಗಳು". ಸದಸ್ಯರು ಅಂದಾಗ ಬಹುವಚನ ಆಗೇಬಿಟ್ಟಿತ್ತು, ಮತ್ತ ಗಳು ಯಾಕ? ಜನರ ಲೆಕ್ಕಕ್ಕ ಐದರತನಾ ಇಬ್ಬರು, ಮೂವರು, ನಾಲ್ವರು, ಐವರು ಅಂತ ಬ್ಯಾರೆ ರೂಪಾನ ಅದಾವ, ವರದಿಯಾಗ "3 ನಿರ್ದೇಶಕರು" ಅಂತ ಬರಿಯೂ ಬದ್ಲಿ ಮೂವರು ನಿರ್ದೇಶಕರು ಅಂದ್ರ ಓದಾಕ ಹಿತ. ಮುಂದಕ್ಕ ಹನ್ನೊಂದು ಮಂದಿ, ಹನ್ನೊಂದು ಜನ ಸಾಕು. ವಸ್ತುಗಳಿಗೆ ಇಂಥಾ ಬಿಗಿ ಇಲ್ಲ, ಐದು ಕುರ್ಚಿ ಅನ್ರಿ, ಐದು ಕುರ್ಚಿಗಳು ಅನ್ರಿ, ಎರಡೂ ನಡೀತಾವ.

ರೊಕ್ಕದ ಮಾತಿಗೆ ಬರೂಣು. ₹ ಚಿಹ್ನಿ ಅಂಕಿ ಮುಂದ ಕೂಡ್ತದ, ಓದೂವಾಗ ರೂಪಾಯಿ ಹಿಂದ ಬರ್ತದ. ಹಂಗಾಗಿ ₹500ರ ಅಂತ ಬರದ್ರ ಓದೋ ನಾಲಿಗಿ "ಐನೂರು ರೂಪಾಯಿ" ಅಂದು ಮುಂದ ಆ ರ ಕಂಡು ನಿಲ್ತದ. ವಾಕ್ಯದ ನಡುವ ಪ್ರತ್ಯಯ ಹಚ್ಚೂದಿದ್ರ ನಾನಂತೂ 500 ರೂಪಾಯಿಯ, 500 ರೂಪಾಯಿಗೆ ಅಂತ ಬಿಡಿಸೇ ಬರೀತೀನಿ. "/-" ಬಿಲ್ಲಿಗೆ, ಚೆಕ್ಕಿಗೆ ಇರ್ಲಿ, ಅದು ಮುಂದ ಯಾರೂ ಅಂಕಿ ಸೇರಸಬಾರ್ದಂತ ಹಾಕೋ ಬಾಗಲಾ, ಅದರ ಆಚೆ ಪ್ರತ್ಯಯ ನಿಂದ್ರಸೂದು ಸರಿ ಕಾಣಂಗಿಲ್ಲ.

ಅಕ್ಷರದಾಗ ಬರೀವಾಗ ಸಾವಿರ, ಲಕ್ಷದ ಮುಂದ ಇನ್ನೂ ಸಂಖ್ಯೆ ಇದ್ರ ದ ಬರ್ತದ, ಅಲ್ಲೇ ಮುಗದ್ರ ಬರಂಗಿಲ್ಲ. 1,05,500 ಅಂದ್ರ ಒಂದು ಲಕ್ಷದ ಐದು ಸಾವಿರದ ಐನೂರು ರೂಪಾಯಿ ಮಾತ್ರ. 1,05,000 ಅಂದ್ರ ಒಂದು ಲಕ್ಷದ ಐದು ಸಾವಿರ ರೂಪಾಯಿ ಮಾತ್ರ. ಬಾಯಾಗ ನಾವು ದೀಡ ಲಕ್ಷ, ಅಡೀಚ ಲಕ್ಷ ಅಂತೀವಿ, ಠರಾವಿನಾಗ ಅದು ಒಂದೂವರೆ, ಎರಡೂವರೆ ಲಕ್ಷ ಆಗಬೇಕು. ಬೆಂಗಳೂರು ಕಡೆಯಿಂದ ಬಂದ ಅಧಿಕಾರಿಗೆ ಅಡೀಚ ತಿಳೀದಿದ್ರ ಅವರ ತಪ್ಪಲ್ಲ.

ಕಡೀದು "25 ನೇ ವರ್ಷ ಪೂರೈಸಿದೆ". ನೇ ಅನ್ನೋದು ನೆಯ ಅನ್ನೋದರ ಸಣ್ಣ ರೂಪ, ಅದಕ್ಕ ದೀರ್ಘ, ಅದಕ್ಕ ಅಂಕಿಗೆ ಅಂಟಿಕೊಂಡೇ ಇರಬೇಕು. ನಡುವ ಜಾಗ ಬಿಟ್ರ 25 ಈ ಸಾಲಿನ ಕಡೀಗೆ, ನೇ ಮುಂದಿನ ಸಾಲಿನ ಮೊದಲಿಗೆ ಹೋಗಿ ಬೀಳ್ತದ. ಅದಕ್ಕಿಂತ ದೊಡ್ಡ ತಕರಾರು ಅರ್ಥದ್ದು. 2000ದ ಆಗಸ್ಟ್‌ನಾಗ ಹುಟ್ಟಿದ ಸಂಘಕ್ಕ 25ನೇ ವರ್ಷ ಅಂದ್ರ 2024ರ ಆಗಸ್ಟ್‌ದಿಂದ ಒಂದು ವರ್ಷ. 25 ವರ್ಷ ತುಂಬೂದು 2025ರ ಆಗಸ್ಟ್‌ನಾಗ, ಆಮ್ಯಾಲೆ ನಡಿಯೂದು 26ನೇ ವರ್ಷ. ಹಂಗಾಗಿ ವಾಕ್ಯ ಹಿಂಗ ತಿದ್ದಿ ಕೊಟ್ಟೆ:

"2000ದ ಆಗಸ್ಟ್ 15ರಂದು ಹನ್ನೊಂದು ಮಂದಿ ಸದಸ್ಯರಿಂದ, 50,000 ರೂಪಾಯಿ ಷೇರು ಬಂಡವಾಳದೊಂದಿಗೆ ಆರಂಭವಾದ ನಮ್ಮ ಸಂಘ 25 ವರ್ಷ ಪೂರೈಸಿ 26ನೇ ವರ್ಷಕ್ಕೆ ಕಾಲಿಟ್ಟಿದೆ."

ಸೆಕ್ರೆಟರಿ ಸಾಹೇಬ್ರು ಒಪ್ಪಿದ್ರು, "ಸದಸ್ಯರುಗಳು" ಮಾತ್ರ ಮರ್ಯಾದಿ ಶಬ್ದ ಅಂತ ಇನ್ನೂ ಎಳದಾಡಾಕತ್ತಾರ. ಅದರ ಕೂಡ ಸಭೆ ನೋಟೀಸೂ ಕೊಟ್ಟಾರ, "ಸಲಹೆಗಳನ್ನು 10 ರೊಳಗೆ ಸಲ್ಲಿಸುವುದು" ಅಂತ ಐತಿ. ಹತ್ತು ದಿನದೊಳಗೋ, ಹತ್ತನೇ ತಾರೀಖಿನೊಳಗೋ, ತಾರೀಖಂದ್ರ ಆ ಹತ್ತು ಸೇರಿಯೋ ಬಿಟ್ಟೋ, ಒಂದೂ ಗೊತ್ತಾಗಂಗಿಲ್ಲ. ಅವರನ್ನ ಕೇಳಿ "ಸೆಪ್ಟೆಂಬರ್ 10ರ ಸಂಜೆ 5 ಗಂಟೆಯವರೆಗೆ" ಅಂತ ಮಾಡೀನಿ, ಪ್ರೂಫ್ ಇವತ್ತ ಹೋಗ್ತದ.