ಬರೆದ ಗಂಟೆ, ಮುಗಿದ ಪುಟ: ತಾಳೆ ಹಾಕಬೇಕೇ?

ಕಲಬುರಗಿಯ ಒಂದು ಸಣ್ಣ ಸಂಸ್ಥೆ ಹಳೆಯ ಕಂದಾಯ ಕಾಗದಗಳನ್ನು ಕಂಪ್ಯೂಟರಿಗೆ ಏರಿಸುವ ಗುತ್ತಿಗೆ ಹಿಡಿದಿದೆ ಎಂದಿಟ್ಟುಕೊಳ್ಳಿ. ಸ್ಕ್ಯಾನ್ ಆದ ಪುಟ ನೋಡಿಕೊಂಡು ಸರ್ವೆ ನಂಬರು, ಹೆಸರು, ವಿಸ್ತೀರ್ಣ ನಮೂದಿಸುವವರು ಬೀದರ್, ಹುಮನಾಬಾದ್, ಶಹಾಪುರಗಳಲ್ಲಿ ತಂತಮ್ಮ ಮನೆಯಲ್ಲೇ ಕುಳಿತು ದುಡಿಯುತ್ತಾರೆ. ಸಂಬಳ ತಿಂಗಳಿಗೊಮ್ಮೆ. ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡಿದೆವೆಂದು ಅವರೇ ಒಂದು ಹಾಳೆಯಲ್ಲಿ ಬರೆಯುತ್ತಾರೆ. ಪರದೆಯ ಚಿತ್ರ ತೆಗೆಯುವ, ಕೀಲಿಮಣೆಯ ಒತ್ತು ಎಣಿಸುವ ತಂತ್ರಾಂಶ ಬೇಡ ಎಂಬುದಕ್ಕೆ ಕೆಳಗಿನ ಇಬ್ಬರದೂ ಒಪ್ಪಿಗೆಯಿದೆ. ಜಗಳವಿರುವುದು ಇಷ್ಟಕ್ಕೆ: ಆ ಗಂಟೆಗಳನ್ನು ಪ್ರತಿಯೊಬ್ಬರೂ ಮುಗಿಸಿದ ಪುಟಗಳ ಜೊತೆ ತಾಳೆ ಹಾಕಬೇಕೇ?

ಪರ: ತಾಳೆ ಹಾಕಿದರೇ ನ್ಯಾಯ

ಬರೆಸಿಕೊಂಡು ಕಡತಕ್ಕೆ ಸೇರಿಸಿಬಿಡುವುದಾದರೆ ಗಂಟೆಯ ಹಾಳೆ ಬರೆಸುವುದೇ ದಂಡ. ನೆನಪಿನಿಂದ ಬರೆದ ಗಂಟೆ ಸಾಮಾನ್ಯವಾಗಿ ನಿಜಕ್ಕಿಂತ ತುಸು ಉಬ್ಬಿರುತ್ತದೆ. ಇದರಲ್ಲಿ ಮೋಸವೇ ಇರಬೇಕೆಂದಿಲ್ಲ. ನಡುವೆ ಮಗುವಿಗೆ ಊಟ ಮಾಡಿಸಿದ್ದು, ನೆಟ್‌ವರ್ಕ್ ಬರಲೆಂದು ಕಾದದ್ದು ಸಂಜೆಗೆ ಮರೆತುಹೋಗುತ್ತದೆ. ಹಾಳೆ ನೋಡಿದರೆ ಗೊತ್ತಾಗುತ್ತದೆ. ಸೋಮವಾರದಿಂದ ಶುಕ್ರವಾರದವರೆಗೂ ಸರಿಯಾಗಿ ಎಂಟೆಂಟು ಗಂಟೆ ಎಂದಿದ್ದರೆ ಅದು ಶನಿವಾರ ಬೆಳಿಗ್ಗೆ ಒಂದೇ ಉಸಿರಿಗೆ ತುಂಬಿದ ಹಾಳೆ. ಅಂದಂದೇ, ಅರ್ಧ ಗಂಟೆಯ ಲೆಕ್ಕದಲ್ಲಿ ಬರೆಯಬೇಕೆಂದರೆ ಅರ್ಧ ರೋಗ ವಾಸಿ.

ಉಳಿದರ್ಧಕ್ಕೆ ತಾಳೆ ಬೇಕು. ತಾಳೆ ಎಂದರೆ ಹಿಡಿದುಹಾಕುವುದು ಎಂದು ಹೆದರುವವರಿಗೆ ಒಂದು ಲೆಕ್ಕ ತೋರಿಸುತ್ತೇನೆ. ಶಹಾಪುರದ ಹುಡುಗ ವಾರಕ್ಕೆ 40 ಗಂಟೆ ಬರೆದು 320 ಪುಟ ಮುಗಿಸಿದ. ಬೀದರಿನ ಹೆಣ್ಣುಮಗಳೂ 40 ಗಂಟೆ ಬರೆದಳು, ಪುಟ ಮಾತ್ರ 150. ಬರಿಗಣ್ಣಿಗೆ ಅವಳದು ಅರ್ಧ ಕೆಲಸ. ಆದರೆ ಹಾಳೆಯಲ್ಲಿ ಕೆಲಸದ ಬಗೆಗೊಂದು ಅಂಕಣವಿದೆ. ಹುಡುಗನದೆಲ್ಲ ಅಚ್ಚಾದ ಕನ್ನಡ ನಮೂನೆ. ಅವಳ 150ರಲ್ಲಿ 110 ಪುಟ ನಿಜಾಮರ ಕಾಲದ ಉರ್ದು ಕೈಬರಹ, ಅದರಲ್ಲೂ ಅಕ್ಷರ ಅಕ್ಷರಕ್ಕೆ ಹೊಸೆದುಕೊಂಡ ಶಿಕಸ್ತ ಎಂಬ ಓಡುಬರಹ. ಅಂಥ ಒಂದು ಪುಟಕ್ಕೆ ಅಚ್ಚಿನ ಪುಟದ ಎರಡೂವರೆ ಪಟ್ಟು ಸಮಯ ಬೇಕೆಂದು ಎಲ್ಲರೂ ಮೊದಲೇ ಒಪ್ಪಿದ್ದರೆ, 110 ಪುಟ 275ಕ್ಕೆ ಸಮ. ಉಳಿದ 40 ಸೇರಿದರೆ 315. ಇಬ್ಬರೂ ಹೆಚ್ಚುಕಡಿಮೆ ಸರಿಸಮ. ತಾಳೆಯೇ ಇಲ್ಲದಿದ್ದರೆ ಏನಾಗುತ್ತಿತ್ತು? ಪುಟದ ಮೊತ್ತವೊಂದೇ ಮಾಲೀಕರ ಕಣ್ಣಿಗೆ ಬೀಳುತ್ತಿತ್ತು, ಅವಳು ಸೋಮಾರಿ ಎನಿಸಿಕೊಳ್ಳುತ್ತಿದ್ದಳು.

ನಮ್ಮ ಭಾಗದಲ್ಲಿ ಗಂಟೆಗೆ ಗಡಿಯಾರದ ಹಟ ನಡೆಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸರಕಾರವೇ ಬಿಸಿಲಿಗೆ ಹೆದರಿ ಕಲಬುರಗಿ ವಿಭಾಗದ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತದೆ. ಹಾಗಾಗಿ ಎಷ್ಟು ಹೊತ್ತಿಗೆ ಕುಳಿತಿರಿ ಎಂದು ಕೇಳಬಾರದು, ಎಷ್ಟು ಹೊತ್ತು ಕುಳಿತಿರಿ ಎಂದಷ್ಟೇ ಕೇಳಬೇಕು. ಕರೆಂಟು ಹೋದ ಸಮಯ ಬೇರೆ ಅಂಕಣಕ್ಕೆ ಹೋಗಲಿ. ತಿದ್ದಲು ಮರಳಿ ಬಂದ ಪುಟವನ್ನು ಎರಡು ಸಲ ಎಣಿಸಬಾರದು, ಆದರೆ ತಿದ್ದಿದ ಹೊತ್ತನ್ನು ಬರೆದುಕೊಳ್ಳಬೇಕು.

ಒಂದು ವಾರದ ಅಂಕಿ ಏನನ್ನೂ ಹೇಳುವುದಿಲ್ಲ. ನಾಲ್ಕು ವಾರ ಕೂಡಿಸಿಯೇ ನೋಡಬೇಕು. ವ್ಯತ್ಯಾಸ ಕಂಡರೆ ಮೊದಲು ಅದನ್ನು ಆ ಕೆಲಸಗಾರರಿಗೇ ತೋರಿಸಬೇಕು. ತಾಳೆಪಟ್ಟಿಯ ಮೇಲೆ ನೇರವಾಗಿ ಸಂಬಳಕ್ಕೆ ಕತ್ತರಿ ಹಾಕಕೂಡದು. ಆರು ತಿಂಗಳಾದ ಮೇಲೆ ಹೆಸರಿರುವ ಹಾಳೆಗಳನ್ನು ಅಳಿಸಬೇಕು. ಇಷ್ಟನ್ನು ಬರೆದು ಮಾಲೀಕರೂ ಕೆಲಸಗಾರರೂ ಸಹಿ ಹಾಕಿದ ಮೇಲೆ ಇದು ಕಾವಲು ಹೇಗಾದೀತು? ಅನುಮಾನ ಬಂದಾಗ ಮಾಲೀಕರು ಕದ್ದು ತಂತ್ರಾಂಶ ಹಾಕುವುದಕ್ಕಿಂತ ಈ ತೆರೆದ ಲೆಕ್ಕ ಸಾವಿರ ಪಾಲು ಮೇಲು.

ವಿರೋಧ: ಕಟ್ಟನ್ನು ಅಳೆಯಿರಿ, ಆಳನ್ನಲ್ಲ

ಎರಡೂವರೆ ಪಟ್ಟು ಎಂದು ಹೇಳಿದವರು ಯಾರು? ಲೆಕ್ಕ ಅಂದವಾಗಿ ಕೂಡಿಬಂದದ್ದು ಆ ಅಂಕಿಯನ್ನು ಹಾಗೆ ಆರಿಸಿಕೊಂಡದ್ದರಿಂದ. ಒಬ್ಬ ಗುಮಾಸ್ತನ ಕೈಬರಹ ಮುತ್ತು ಪೋಣಿಸಿದಂತಿದ್ದರೆ, ಮುಂದಿನ ಕಾಗದದ ಕಟ್ಟಿನಲ್ಲಿ ಗೆದ್ದಲು ತಿಂದ ಅಂಚು, ಹಿಂಬದಿಯ ಶಾಯಿ ಮುಂಬದಿಗೆ ಇಳಿದ ಹಾಳೆ. ಮೊದಲನೆಯದು ಒಂದೂವರೆ ಪಟ್ಟು ಹೊತ್ತು ತಿಂದೀತು, ಎರಡನೆಯದು ನಾಲ್ಕು. ಸರಾಸರಿ ಎರಡೂವರೆ ಇರಬಹುದು, ಆದರೆ ಯಾರ ಪಾಲಿಗೂ ಸರಾಸರಿ ಕಟ್ಟು ಬರುವುದಿಲ್ಲ. ಕೆಟ್ಟ ಕಟ್ಟು ಬಂದವಳ ಹೆಸರು ನಾಲ್ಕು ವಾರದ ಪಟ್ಟಿಯಲ್ಲೂ ಕೆಳಗೇ ಇರುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಹಾಳೆಯದೇ. ತಾಳೆ ಹಾಕುತ್ತಾರೆಂದು ಗೊತ್ತಾದ ದಿನದಿಂದ ಜನ ಗಂಟೆಯನ್ನು ಗಡಿಯಾರ ನೋಡಿ ಬರೆಯುವುದಿಲ್ಲ, ಪುಟ ನೋಡಿ ಬರೆಯುತ್ತಾರೆ. ಆರು ಗಂಟೆಯಲ್ಲಿ ಅರವತ್ತು ಪುಟ ಮುಗಿಸಿದವನು ಎಂಟು ಎಂದು ಬರೆಯುತ್ತಾನೆ. ಆರು ಎಂದರೆ ನಾಳೆ ಎಂಬತ್ತು ಪುಟ ಕೊಟ್ಟಾರೆಂಬ ಭಯ. ಹನ್ನೊಂದು ಗಂಟೆ ಕಣ್ಣು ಕಿರಿದು ಮಾಡಿಕೊಂಡು ಉರ್ದು ಓದಿದವಳು ಕೂಡ ಎಂಟು ಎಂದೇ ಬರೆಯುತ್ತಾಳೆ; ನಿಧಾನಿ ಎನಿಸಿಕೊಳ್ಳುವುದು ಅವಳಿಗೆ ಬೇಡ. ಎರಡು ಸುಳ್ಳೂ ತಾಳೆಯಲ್ಲಿ ಚೊಕ್ಕವಾಗಿ ಕೂಡಿಕೊಳ್ಳುತ್ತವೆ. ಎರಡನೆಯದು ಹೆಚ್ಚು ಹಾನಿಕರ. ಮುಂದಿನ ಗುತ್ತಿಗೆಗೆ ದರ ಹೇಳುವಾಗ ಸಂಸ್ಥೆ ನಂಬುವುದು ಇದೇ ಹಾಳೆಯನ್ನು, ಅವಳ ಬಚ್ಚಿಟ್ಟ ಮೂರು ಗಂಟೆ ಆ ದರದಲ್ಲಿ ಇರುವುದೇ ಇಲ್ಲ. ಅಳತೆಯನ್ನೇ ಗುರಿ ಮಾಡಿದರೆ ಅಳತೆ ಕೆಡುತ್ತದೆಂಬ ಮಾತು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನಲ್ಲಿ ಚಾಲ್ತಿಯಲ್ಲಿದೆ. 1975ರಲ್ಲಿ ಅವರ ಕಣ್ಣೆದುರಿಗಿದ್ದದ್ದು ಹಣಕಾಸು ನೀತಿಯ ಅಂಕಿಗಳು, ನಮ್ಮೆದುರಿಗೆ ಪುಟಗಳಿವೆ, ಅಷ್ಟೇ.

ಇನ್ನು ಫೋನಿನಲ್ಲಿ ನಡೆಯುವ ಕೆಲಸ. ಹುಮನಾಬಾದಿನವರಿಗೆ ಒಂದು ಹೆಸರು ಓದಲಾಗದಿದ್ದರೆ ಆ ಪುಟದ ಚಿತ್ರವನ್ನು ಬೀದರಿಗೆ ಕಳಿಸುತ್ತಾರೆ. ಅಲ್ಲಿಯವಳು ಇಪ್ಪತ್ತು ನಿಮಿಷ ಕುಳಿತು, ಅದೇ ಊರಿನ ಬೇರೆ ಪುಟ ತೆಗೆದು ನೋಡಿ, ಇದು ‘ಖಾಸಿಂ’ ಅಲ್ಲ ‘ಹಾಶಿಂ’ ಎಂದು ಹೇಳುತ್ತಾಳೆ. ಪುಟ ಯಾರ ಖಾತೆಗೆ? ಕೇಳಿದವರ ಖಾತೆಗೆ. ಎರಡು ತಿಂಗಳು ತಾಳೆ ಹಾಕಿ ನೋಡಿ, ಬೀದರಿನವಳು ಫೋನು ಎತ್ತುವುದನ್ನು ಬಿಟ್ಟಿರುತ್ತಾಳೆ. ತಪ್ಪು ಹೆಸರು ದಾಖಲೆಗೆ ಏರಿ, ಯಾವುದೋ ರೈತನ ಮಗ ತಹಶೀಲ್ದಾರರ ಕಚೇರಿಗೆ ಅಲೆದಾಗ ಆ ಉಳಿಸಿದ ಇಪ್ಪತ್ತು ನಿಮಿಷದ ಬೆಲೆ ತಿಳಿಯುತ್ತದೆ.

ಸಹಿ ಹಾಕಿದ ನಿಯಮ ಕಾಪಾಡುತ್ತದೆ ಎಂಬ ಮಾತಿನಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಉದ್ಯೋಗದ ಉದ್ದೇಶಕ್ಕೆ ಕೆಲಸಗಾರರ ಒಪ್ಪಿಗೆಯಿಲ್ಲದೆ ಮಾಹಿತಿ ಬಳಸಲು ದಾರಿ ಬಿಟ್ಟಿದೆ. ಹೆಸರು ಹೆಸರಿಗೆ ಅಂಕಿ ಕೂಡಿಟ್ಟ ಮೇಲೆ ಅದನ್ನು ಬಳಸುವ ಆಸೆ ಬಾರದಿರುತ್ತದೆಯೇ? ಮೈಕ್ರೋಸಾಫ್ಟ್ 2020ರಲ್ಲಿ ಸಂಸ್ಥೆಗಳಿಗೆ ಕೊಟ್ಟ ಉತ್ಪಾದಕತೆಯ ಅಂಕಪಟ್ಟಿಯಲ್ಲಿ ಒಬ್ಬೊಬ್ಬ ನೌಕರರ ಹೆಸರೂ ಕಾಣುತ್ತಿತ್ತು. ಟೀಕೆ ಬಂದ ಮೇಲೆ ಅದೇ ವರ್ಷ ಹೆಸರುಗಳನ್ನು ತೆಗೆಯಬೇಕಾಯಿತು. ತೆಗೆಯುವುದಕ್ಕಿಂತ ಮೊದಲೇ ಹಾಕದಿರುವುದು ಸುಲಭ.

ನನ್ನ ಸೂಚನೆ ಸರಳ. ಗಂಟೆ ಬರೆಸಿರಿ, ಆದರೆ ಕಟ್ಟಿನ ಹೆಸರಿನಲ್ಲಿ. ಒಂದು ಕಟ್ಟಿಗೆ ಎಲ್ಲರದೂ ಸೇರಿ ಎಷ್ಟು ಹೊತ್ತು ಹೋಯಿತು, ಫೋನಿನಲ್ಲಿ ಓದಿ ಹೇಳಿದ್ದೂ ಸೇರಿ, ಎಂದು ಕೂಡಿಸಿದರೆ ಕಟ್ಟಿನ ಕಷ್ಟ ತಿಳಿಯುತ್ತದೆ, ಮುಂದಿನ ದರಕ್ಕೂ ಅದೇ ಬೇಕಾದದ್ದು. ಕಟ್ಟಿಗೊಂದು ಗಡುವು ಇರಲಿ. ಗುಣಮಟ್ಟಕ್ಕೆ ಇಪ್ಪತ್ತು ಪುಟಕ್ಕೊಂದನ್ನು ಯಾದೃಚ್ಛಿಕವಾಗಿ ಎತ್ತಿ ಇನ್ನೊಬ್ಬರಿಂದ ಓದಿಸಿದರೆ ಸಾಕು. ಅದರಲ್ಲಿ ತಪ್ಪು ಹೆಚ್ಚಿದ್ದರೆ ಇಡೀ ಕಟ್ಟನ್ನು ಮತ್ತೆ ನೋಡುವುದು.

ಸುಳ್ಳು ಗಂಟೆ ಬರೆಯುವ ಒಬ್ಬ ಹೀಗೆ ಕೆಲವು ದಿನ ತಪ್ಪಿಸಿಕೊಳ್ಳುತ್ತಾನೆ, ಅದು ನಿಜ. ಅವನ ಕಟ್ಟು ಗಡುವಿಗೆ ಮುಗಿಯದಿದ್ದಾಗ ತಾನಾಗಿಯೇ ಸಿಕ್ಕಿಬೀಳುತ್ತಾನೆ. ಯಾವ ಕಟ್ಟನ್ನೂ ಎರಡು ವಾರದ ಕೆಲಸಕ್ಕಿಂತ ದೊಡ್ಡದಾಗಿ ಕಟ್ಟದಿದ್ದರೆ ಸಂಸ್ಥೆಗೆ ಆಗುವ ನಷ್ಟವೂ ಎರಡು ವಾರದ್ದೇ.